ವಾದ ವಿಶ್ಲೇಷಣೆಯ ಒಂದು ಪ್ರಶ್ನೆ: ರಚನೆಯಿಂದ ಮೌಲ್ಯಮಾಪನದವರೆಗೆ, ತರ್ಕಶಾಸ್ತ್ರದ ಅಧ್ಯಾಪಕರಿಗೆ

ತರ್ಕಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಸತ್ಯಕೋಷ್ಟಕದ ಪ್ರಶ್ನೆಗೆ ಅಂಕ ಕೊಡುವುದು ಸುಲಭ. ಉತ್ತರ ಒಂದೇ ಆಗಿರುವುದರಿಂದ ಯಾರು ತಿದ್ದಿದರೂ ಅಂಕ ಬದಲಾಗುವುದಿಲ್ಲ. ಆದರೆ ಒಂದು ಪರಿಚ್ಛೇದವನ್ನು ಕೊಟ್ಟು ಅದರಲ್ಲಿರುವ ವಾದವನ್ನು ವಿಶ್ಲೇಷಿಸಿ ಎಂದು ಕೇಳಿದ ಕೂಡಲೇ ತೊಂದರೆ ಶುರುವಾಗುತ್ತದೆ. ಒಂದೇ ಉತ್ತರಕ್ಕೆ ಒಬ್ಬರು ಐದು, ಇನ್ನೊಬ್ಬರು ಎರಡು ಅಂಕ ಕೊಡುವುದು ಮೌಲ್ಯಮಾಪನದ ಕೊಠಡಿಯಲ್ಲಿ ಹೊಸದೇನಲ್ಲ. ಭಾಷೆ, ಅಕ್ಷರ, ಉತ್ತರದ ಉದ್ದ ಇವೆಲ್ಲವೂ ಇದಕ್ಕೆ ಕಾರಣವೇ ಆದರೂ, ನನ್ನ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಬೇರೆ ಇದೆ: ವಿದ್ಯಾರ್ಥಿ ತಲುಪಿದ ತೀರ್ಮಾನ ನಮಗೆ ಸರಿಯೆನಿಸಿದರೆ ಅದಕ್ಕೆ ಆತ ಕೊಟ್ಟ ದಾರಿಯೂ ಸರಿಯೆಂದು ನಮಗೆ ಅರಿವಿಲ್ಲದೆ ಒಪ್ಪಿಬಿಡುತ್ತೇವೆ.

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪ್ರಶ್ನೆಯನ್ನು ಪರಿಚ್ಛೇದದ ಆಯ್ಕೆಯಿಂದ ಹಿಡಿದು ಕೊನೆಯ ಅಂಕದವರೆಗೆ ಬಿಡಿಸಿ ತೋರಿಸಲಾಗಿದೆ. ಪ್ರಶ್ನೆ 20 ಅಂಕದ್ದು, ಬರೆಯಲು 45 ನಿಮಿಷ ಸಾಕು. ಹಾಸನದ ಒಂದು ಪದವಿ ತರಗತಿಯನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಅಂಥ ತರಗತಿಯಲ್ಲಿ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಿಂದ ಬಂದ ಮಕ್ಕಳು ಒಂದಷ್ಟು ಇರುತ್ತಾರೆ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ತೆಂಗು, ರಾಗಿಯ ನೆಲದಿಂದ ಬಂದವರು ಇನ್ನೊಂದಷ್ಟು. ಪರಿಚ್ಛೇದದ ಆಯ್ಕೆಯಲ್ಲಿ ಈ ಸಂಗತಿಗೆ ತುಂಬಾ ಮಹತ್ವವಿದೆ, ಅದು ಮುಂದೆ ತಿಳಿಯುತ್ತದೆ.

ಮೊದಲ ಹೆಜ್ಜೆ: ತೀರ್ಮಾನ ನಿಜವಾಗಿದ್ದು ವಾದ ದುರ್ಬಲವಾಗಿರುವ ಪರಿಚ್ಛೇದ

ಸಾಮಾನ್ಯವಾಗಿ ಅಭ್ಯಾಸಕ್ಕೆ ಕೊಡುವ ಪರಿಚ್ಛೇದಗಳಲ್ಲಿ ತೀರ್ಮಾನವೇ ಅಸಂಬದ್ಧವಾಗಿರುತ್ತದೆ. ಬೆಕ್ಕು ಅಡ್ಡ ಬಂದದ್ದರಿಂದ ಬಸ್ಸು ತಪ್ಪಿತು ಎಂಬಂಥ ಮಾತಿನಲ್ಲಿ ದೋಷ ಹುಡುಕಲು ತರ್ಕಶಾಸ್ತ್ರ ಬೇಕಿಲ್ಲ, ತೀರ್ಮಾನದ ಮೇಲಿನ ಅಪನಂಬಿಕೆಯೇ ಸಾಕು. ಹಾಗಾಗಿ ಅಂಥ ಪ್ರಶ್ನೆಗೆ ಬಂದ ಸರಿಯುತ್ತರದಿಂದ ವಿದ್ಯಾರ್ಥಿಯ ತರ್ಕದ ಬಗ್ಗೆ ನಮಗೇನೂ ತಿಳಿಯುವುದಿಲ್ಲ. ವಿದ್ಯಾರ್ಥಿಗಳಲ್ಲಿ ಬಹುಮಂದಿ ಒಪ್ಪುವ, ತಜ್ಞರೂ ಒಪ್ಪುವ ತೀರ್ಮಾನವನ್ನು ದುರ್ಬಲ ಆಧಾರಗಳ ಮೇಲೆ ನಿಲ್ಲಿಸಿದ ಪರಿಚ್ಛೇದವೇ ಒಳ್ಳೆಯ ಪರೀಕ್ಷೆ. ಕೆಳಗಿನದನ್ನು ಆ ಉದ್ದೇಶಕ್ಕಾಗಿಯೇ ರಚಿಸಲಾಗಿದೆ. ಇದು ಒಬ್ಬ ಬೆಳೆಗಾರರು ಬೆಳೆಗಾರರ ಸಭೆಯಲ್ಲಿ ಆಡಿದ ಮಾತು ಎಂದು ವಿದ್ಯಾರ್ಥಿಗಳಿಗೆ ಹೇಳಬೇಕು.

"ಸಕಲೇಶಪುರದ ಕಡೆ ನನಗೆ ಗೊತ್ತಿರುವ ಎರಡು ಅರೇಬಿಕಾ ತೋಟಗಳಲ್ಲಿ ಹೋದ ವರ್ಷ ಮರಗಸಿ ಮಾಡಿಸುವಾಗ ನೆರಳನ್ನು ತೀರಾ ತೆಳುವಾಗಿಸಿದರು. ಈ ವರ್ಷ ಆ ಎರಡೂ ತೋಟಗಳಲ್ಲಿ ಬಿಳಿ ಕಾಂಡಕೊರಕ ಬಿದ್ದ ಗಿಡಗಳು ಹಿಂದಿಗಿಂತ ಹೆಚ್ಚು ಸಿಕ್ಕಿವೆ. ಅವುಗಳ ಪಕ್ಕದ ತೋಟದವರು ಹೋದ ವರ್ಷ ಮರಗಳನ್ನು ಮುಟ್ಟಲೇ ಇಲ್ಲ. ಅವರಿಗೆ ಕೊರಕದ ಕಾಟವೇ ಇಲ್ಲ. ಹಾಗಾಗಿ ನೆರಳು ತೆಗೆದದ್ದರಿಂದಲೇ ಕೊರಕ ಹೆಚ್ಚಿದೆ. ನಾವು ಈ ವರ್ಷ ನಮ್ಮ ತೋಟದಲ್ಲಿ ಮರಗಸಿ ಮಾಡಿಸಲೇಬಾರದು."

ಪರಿಚ್ಛೇದದ ಕೆಳಗೆ ಒಂದು ಹಿನ್ನೆಲೆ ಟಿಪ್ಪಣಿಯನ್ನು ಕಡ್ಡಾಯವಾಗಿ ಅಚ್ಚು ಹಾಕಿಸಬೇಕು: "ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಕಡಿದು ತೋಟದೊಳಗೆ ಬೆಳಕು ಬಿಡುವ ಕೆಲಸ. ಬಿಳಿ ಕಾಂಡಕೊರಕವು ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಕೊರೆಯುವ ಹುಳು. ರೋಬಸ್ಟಾ ಕಾಫಿಗೆ ಇದರ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಕೊರಕ ಬಿದ್ದ ಗಿಡಗಳನ್ನು ಆಳುಗಳು ಸಾಲು ಸಾಲಾಗಿ ಹುಡುಕಿ ಗುರುತಿಸಿ ಕಿತ್ತು ಸುಡುತ್ತಾರೆ. ನೆರಳು ಅತಿಯಾದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ಹೆಚ್ಚುತ್ತದೆ."

ಈ ಟಿಪ್ಪಣಿ ಇಲ್ಲದಿದ್ದರೆ ಪ್ರಶ್ನೆ ಅನ್ಯಾಯದ್ದಾಗುತ್ತದೆ. ರೋಬಸ್ಟಾ ಗಿಡಕ್ಕೆ ಈ ಹುಳು ಬೀಳುವುದು ತೀರಾ ಅಪರೂಪವೆಂಬುದು ತೋಟದ ಮನೆಯಲ್ಲಿ ಬೆಳೆದವರಿಗೆ ಸಹಜವಾಗಿ ಗೊತ್ತಿರುತ್ತದೆ, ಅರಸೀಕೆರೆಯ ವಿದ್ಯಾರ್ಥಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವಂತಿಲ್ಲ. ಟಿಪ್ಪಣಿಯಲ್ಲಿ ಸಂಗತಿಗಳಿವೆ, ಆದರೆ ಅವುಗಳಿಗೂ ವಾದಕ್ಕೂ ಇರುವ ಸಂಬಂಧವನ್ನು ಹೇಳಿಲ್ಲ. ಆ ಸಂಬಂಧವನ್ನು ಕಾಣುವುದೇ ಪರೀಕ್ಷೆ.

ಬೇಕೆಂದೇ ಬಿಟ್ಟ ಇನ್ನೊಂದು ಸಂಗತಿಯೂ ಇದೆ. ಕಾಂಡಕೊರಕದ ದುಂಬಿ ಬಿಸಿಲು ಬೀಳುವ ಬೆಚ್ಚಗಿನ ಕಾಂಡವನ್ನೇ ಮೊಟ್ಟೆ ಇಡಲು ಹುಡುಕುತ್ತದೆ, ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಆದ್ದರಿಂದಲೇ ಅರೇಬಿಕಾ ತೋಟದಲ್ಲಿ ತಕ್ಕಷ್ಟು ನೆರಳು ಉಳಿಸಿಕೊಳ್ಳಬೇಕೆಂಬುದು ಈ ಹುಳುವಿನ ನಿರ್ವಹಣೆಯಲ್ಲಿ ಮೊದಲ ಸಲಹೆ. ಅಂದರೆ ಬೆಳೆಗಾರರು ಹೇಳಿದ ಕಾರಣ ಸ್ಥೂಲವಾಗಿ ನಿಜ. ಇದನ್ನು ಟಿಪ್ಪಣಿಯಲ್ಲಿ ಸೇರಿಸಿದರೆ ಅರ್ಧ ತರಗತಿ ಅದನ್ನೇ ನಕಲು ಮಾಡಿ "ವಾದ ಸರಿ" ಎಂದು ಬರೆಯುತ್ತದೆ. ಗೊತ್ತಿರುವವರು ಬರೆದರೂ ಅದೊಂದಕ್ಕೇ ಒಂದಕ್ಕಿಂತ ಹೆಚ್ಚು ಅಂಕವಿಲ್ಲದ ಕಾರಣ, ಗೊತ್ತಿಲ್ಲದವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ.

ಎರಡನೆಯ ಹೆಜ್ಜೆ: ಪ್ರಶ್ನೆ ಬರೆಯುವ ಮೊದಲು ವಾದವನ್ನು ನೀವೇ ಬಿಡಿಸಿ

ಪರಿಚ್ಛೇದದ ವಾಕ್ಯಗಳಿಗೆ ಸಂಖ್ಯೆ ಕೊಟ್ಟುಕೊಳ್ಳಿ. ಒಂದನೆಯದು ಎರಡು ತೋಟಗಳಲ್ಲಿ ನೆರಳು ತೆಳುವಾದದ್ದು. ಎರಡನೆಯದು ಅಲ್ಲಿ ಕೊರಕದ ಗಿಡಗಳು ಹೆಚ್ಚು ಸಿಕ್ಕಿದ್ದು. ಪಕ್ಕದ ತೋಟದ ಸ್ಥಿತಿ ಹೇಳುವ ಎರಡು ವಾಕ್ಯಗಳನ್ನು ಸೇರಿಸಿ ಮೂರನೆಯದೆಂದು ಎಣಿಸಿ, ನಾಲ್ಕನೆಯದು ಕಾರಣದ ಹೇಳಿಕೆ, ಐದನೆಯದು ಮಾಡಬೇಕಾದ ಕೆಲಸದ ಬಗೆಗಿನ ನಿರ್ಧಾರ. ಮೊದಲ ಮೂರು ಆಧಾರವಾಕ್ಯಗಳು ಕೂಡಿ ನಾಲ್ಕನೆಯದನ್ನು ಹೊರುತ್ತವೆ, ನಾಲ್ಕನೆಯದು ಐದನೆಯದನ್ನು ಹೊರುತ್ತದೆ. ಹೀಗೆ ನಾಲ್ಕನೆಯ ವಾಕ್ಯ ಮೊದಲ ಜಿಗಿತಕ್ಕೆ ತೀರ್ಮಾನವೂ ಎರಡನೆಯ ಜಿಗಿತಕ್ಕೆ ಆಧಾರವೂ ಆಗಿದೆ. ವಿದ್ಯಾರ್ಥಿಗಳು ಎಡವುವುದು ಬಹುತೇಕ ಇಲ್ಲೇ. "ಹಾಗಾಗಿ" ಎಂಬ ಪದ ನಾಲ್ಕನೆಯ ವಾಕ್ಯದಲ್ಲಿರುವುದರಿಂದ ಅದನ್ನೇ ಮುಖ್ಯ ತೀರ್ಮಾನವೆಂದು ಬರೆದು, ಐದನೆಯದನ್ನು ಸುಮ್ಮನೆ ಕೊನೆಗೆ ಸೇರಿಸಿದ ಸಲಹೆಯೆಂದು ಬಿಟ್ಟುಬಿಡುತ್ತಾರೆ.

ಮೊದಲ ಜಿಗಿತದಲ್ಲಿ ಎರಡು ಗಂಭೀರ ಬಿರುಕುಗಳಿವೆ. ಪಕ್ಕದ ತೋಟ ಅರೇಬಿಕಾದ್ದೋ ರೋಬಸ್ಟಾದ್ದೋ ಎಂದು ಬೆಳೆಗಾರರು ಹೇಳಿಲ್ಲ. ಅದು ರೋಬಸ್ಟಾ ಆಗಿದ್ದರೆ ಅಲ್ಲಿ ಕೊರಕವಿಲ್ಲದಿರುವುದಕ್ಕೂ ನೆರಳಿಗೂ ಸಂಬಂಧವೇ ಇಲ್ಲ, ಮೂರನೆಯ ವಾಕ್ಯದಿಂದ ವಾದಕ್ಕೆ ಸಿಗುವ ಬಲ ಸೊನ್ನೆ. ಇನ್ನೊಂದು ಬಿರುಕು "ಸಿಕ್ಕಿವೆ" ಎಂಬ ಕ್ರಿಯಾಪದದಲ್ಲಿದೆ. ಕೊರಕದ ಗಿಡಗಳು ಹುಡುಕಿದಷ್ಟು ಸಿಗುತ್ತವೆ. ಹೋದ ವರ್ಷ ಮೇಲೆ ಮೇಲಷ್ಟೇ ಹುಡುಕಿಸಿ ಈ ವರ್ಷ ಹೆಚ್ಚು ಆಳು ಹಚ್ಚಿ ಸಾಲು ಬಿಡದೆ ಹುಡುಕಿಸಿದ್ದರೆ, ಹುಳು ಹೆಚ್ಚದಿದ್ದರೂ ಲೆಕ್ಕ ಹೆಚ್ಚುತ್ತದೆ.

ಎರಡನೆಯ ಜಿಗಿತದ ಬಿರುಕು ಪ್ರಮಾಣಕ್ಕೆ ಸಂಬಂಧಿಸಿದ್ದು. ನೆರಳನ್ನು ತೀರಾ ತೆಳುವಾಗಿಸಿದ್ದು ಹಾನಿ ಮಾಡಿತು ಎಂದು ಒಪ್ಪಿದರೂ, ಹದವಾಗಿಯೂ ಮರಗಸಿ ಮಾಡಿಸಬಾರದು ಎಂಬುದು ಅದರಿಂದ ಹೊರಡುವುದಿಲ್ಲ. ಮಾಡಿಸದಿದ್ದರೆ ಆಗುವ ನಷ್ಟವನ್ನು, ಅಂದರೆ ಕೊಳೆರೋಗವನ್ನು, ಬೆಳೆಗಾರರು ತೂಗಿಯೂ ಇಲ್ಲ.

ಆದರೆ ವಾದದ ಬಲವನ್ನೂ ಗುರುತಿಸಿ ಬರೆದಿಟ್ಟುಕೊಳ್ಳಬೇಕು. ಪಕ್ಕದ ತೋಟವನ್ನು ಹೋಲಿಕೆಗೆ ತಂದಿರುವುದು ಒಳ್ಳೆಯ ನಡೆ. ಪಕ್ಕದಲ್ಲೇ ಇರುವುದರಿಂದ ಮಳೆ, ಮಣ್ಣು, ಎತ್ತರಗಳ ವ್ಯತ್ಯಾಸ ಕಾರಣವಾಗಿರುವ ಸಾಧ್ಯತೆ ಬಹಳ ಮಟ್ಟಿಗೆ ತಪ್ಪುತ್ತದೆ. ಮಿಲ್ ಹೇಳಿದ ವ್ಯತ್ಯಾಸ ವಿಧಾನದ ಒರಟು ಪ್ರಯೋಗ ಇದು. ವಿಶ್ಲೇಷಣೆ ಎಂದರೆ ತಪ್ಪು ಹುಡುಕುವುದು ಮಾತ್ರ ಎಂದು ತಿಳಿದ ಉತ್ತರಗಳು ಈ ಬಲವನ್ನು ಕಾಣದೆ ಮುಂದೆ ಹೋಗುತ್ತವೆ, ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಡದಿದ್ದರೆ ನಾವೂ ಹಾಗೆಯೇ ಹೋಗುತ್ತೇವೆ.

ಮೂರನೆಯ ಹೆಜ್ಜೆ: ಉಪಪ್ರಶ್ನೆಗಳಾಗಿ ಒಡೆಯುವುದು

"ಈ ವಾದವನ್ನು ವಿಮರ್ಶಿಸಿ" ಎಂದು ಒಂದೇ ಸಾಲಿನಲ್ಲಿ ಕೇಳಿದರೆ ಒಂದೊಂದು ಉತ್ತರ ಒಂದೊಂದು ದಾರಿ ಹಿಡಿಯುತ್ತದೆ, ಹೋಲಿಸಿ ತಿದ್ದಲು ಬರುವುದಿಲ್ಲ. ಕೆಳಗಿನ ಐದು ಉಪಪ್ರಶ್ನೆಗಳು ಸಾಕು.

1. ಬೆಳೆಗಾರರ ಮುಖ್ಯ ತೀರ್ಮಾನವನ್ನೂ ಅದಕ್ಕೆ ಹಾದಿಯಾದ ನಡುವಣ ತೀರ್ಮಾನವನ್ನೂ ಒಂದೊಂದು ವಾಕ್ಯದಲ್ಲಿ ಬರೆಯಿರಿ. (3 ಅಂಕ)
2. ಆಧಾರವಾಕ್ಯಗಳನ್ನು ಗುರುತಿಸಿ, ಯಾವುದು ಯಾವುದನ್ನು ಹೊರುತ್ತದೆ ಎಂಬುದನ್ನು ಬಾಣಗಳ ಚಿತ್ರದಲ್ಲಿ ತೋರಿಸಿ. (4 ಅಂಕ)
3. ನಡುವಣ ತೀರ್ಮಾನಕ್ಕೆ ತಲುಪಲು ಬೆಳೆಗಾರರು ಹೇಳದೆಯೇ ನಂಬಿಕೊಂಡಿರುವ ಒಂದು ಸಂಗತಿಯನ್ನು ಬರೆಯಿರಿ. (4 ಅಂಕ)
4. ಈ ವಾದದ ಅತ್ಯಂತ ದುರ್ಬಲ ಕೊಂಡಿ ಯಾವುದು? ಅದು ತೀರ್ಮಾನವನ್ನು ಎಷ್ಟರಮಟ್ಟಿಗೆ ಸಡಿಲಿಸುತ್ತದೆ ಎಂದು ವಿವರಿಸಿ. (6 ಅಂಕ)
5. ನಿಮ್ಮ ನಿರ್ಣಯವನ್ನು ಬದಲಿಸಬಲ್ಲ ಒಂದು ಮಾಹಿತಿಯನ್ನು ಹೇಳಿ; ಅದು ಹೀಗೆ ಬಂದರೆ ಏನು, ಹಾಗೆ ಬಂದರೆ ಏನು ಎಂದು ತಿಳಿಸಿ. (3 ಅಂಕ)

ನಾಲ್ಕನೆಯದರಲ್ಲಿ "ಅತ್ಯಂತ ದುರ್ಬಲ" ಎಂಬ ಪದ ಬಹಳ ಮುಖ್ಯ. ದೋಷಗಳ ಪಟ್ಟಿ ಕೊಡಿ ಎಂದರೆ ವಿದ್ಯಾರ್ಥಿಗಳು ಬಾಯಿಪಾಠವಾದ ಹೆಸರುಗಳನ್ನೆಲ್ಲ ಸುರಿಯುತ್ತಾರೆ. ಒಂದನ್ನೇ ಆರಿಸಬೇಕಾದಾಗ ಬಿರುಕುಗಳನ್ನು ಪರಸ್ಪರ ತೂಗಬೇಕಾಗುತ್ತದೆ, ಆ ತೂಗುವಿಕೆಯಲ್ಲೇ ಅವರ ವಿಚಾರಶಕ್ತಿ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಹೇಳದ ಆಧಾರಕ್ಕೆ ಅಂಕ

ಮೊದಲೆರಡು ಉಪಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ನಿಯಮ ಮಾತ್ರ ನೆನಪಿರಲಿ: ಒಂದನೆಯದರಲ್ಲಿ ತಪ್ಪು ತೀರ್ಮಾನ ಬರೆದ ವಿದ್ಯಾರ್ಥಿಯ ಮುಂದಿನ ಉತ್ತರಗಳನ್ನು ಆತ ಬರೆದ ತೀರ್ಮಾನಕ್ಕೆ ಹೊಂದಿಸಿಯೇ ತಿದ್ದಬೇಕು. ಒಂದೇ ತಪ್ಪಿಗೆ ಎರಡು ಕಡೆ ಅಂಕ ಕಡಿಯಬಾರದು.

ಮೂರನೆಯದಕ್ಕೆ ಬರುವ ಉತ್ತರಗಳು ಸಾಮಾನ್ಯವಾಗಿ ಮೂರು ಬಗೆಯವು. "ನೆರಳು ತೆಗೆದರೆ ಕೊರಕ ಹೆಚ್ಚುತ್ತದೆ ಎಂದು ನಂಬಿದ್ದಾರೆ" ಎಂಬುದು ಮೊದಲನೆಯ ಬಗೆ. ಇದು ತೀರ್ಮಾನವನ್ನೇ ಬೇರೆ ಮಾತಿನಲ್ಲಿ ಹೇಳಿದಂತಾಯಿತು, ಆಧಾರಕ್ಕೂ ತೀರ್ಮಾನಕ್ಕೂ ನಡುವಿನ ಅಂತರ ಹಾಗೆಯೇ ಉಳಿಯಿತು. ಇದಕ್ಕೆ 1 ಅಂಕ. "ಯಾವ ತೋಟದಲ್ಲೇ ಆಗಲಿ, ಯಾವಾಗಲೇ ಆಗಲಿ ನೆರಳು ತೆಗೆದರೆ ಕೊರಕ ಬಂದೇ ಬರುತ್ತದೆ" ಎಂಬುದು ಎರಡನೆಯದು. ಇದು ಅಂತರವನ್ನೇನೋ ತುಂಬುತ್ತದೆ, ಆದರೆ ಬೆಳೆಗಾರರಿಗೆ ಅಷ್ಟು ದೊಡ್ಡ ಮಾತಿನ ಅಗತ್ಯವೇ ಇಲ್ಲ, ಕೇಳಿದರೆ ಅವರು ಅದನ್ನು ಒಪ್ಪುವುದೂ ಇಲ್ಲ. ಎದುರಾಳಿಯ ಬಾಯಲ್ಲಿ ಅವರು ಆಡದ ಬಲವಾದ ಮಾತು ತುರುಕಿ ಆಮೇಲೆ ಅದನ್ನು ಖಂಡಿಸುವ ಅಭ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. 2 ಅಂಕ.

ಮೂರನೆಯ ಬಗೆ ಹೀಗಿರುತ್ತದೆ: "ನೆರಳಿನ ವಿಷಯ ಬಿಟ್ಟರೆ, ಕೊರಕ ಬೀಳುವುದಕ್ಕೆ ಸಂಬಂಧಿಸಿದ ಉಳಿದ ವಿಷಯಗಳಲ್ಲಿ ಮೂರೂ ತೋಟಗಳು ಹೆಚ್ಚುಕಡಿಮೆ ಒಂದೇ ಬಗೆಯವು." ಇದು ಅಂತರವನ್ನು ತುಂಬುತ್ತದೆ, ಬೇಕಾದಷ್ಟನ್ನೇ ಹೇಳುತ್ತದೆ, ಬೆಳೆಗಾರರನ್ನು ಕೇಳಿದರೆ "ಹೌದು, ಅದನ್ನೇ ನಂಬಿ ಹೇಳಿದೆ" ಎನ್ನುವಂತಿದೆ. ಪೂರ್ಣ 4 ಅಂಕ. "ಎರಡೂ ವರ್ಷ ಕೊರಕದ ಗಿಡಗಳನ್ನು ಒಂದೇ ರೀತಿ ಹುಡುಕಿದ್ದಾರೆ" ಎಂದು ಬರೆದರೂ ಪೂರ್ಣ ಅಂಕವೇ. ಮಾದರಿ ಉತ್ತರದಲ್ಲಿ ಇರುವುದೊಂದೇ ಸರಿಯೆಂದು ಭಾವಿಸಬಾರದು. ಅಂತರ ತುಂಬುತ್ತದೆಯೇ, ಅತಿಯಾಗಿಲ್ಲವೇ, ವಾದಿ ಒಪ್ಪಬಹುದೇ ಎಂಬ ಮೂರು ಪರೀಕ್ಷೆಗಳಲ್ಲಿ ಗೆದ್ದ ಯಾವ ಉತ್ತರಕ್ಕಾದರೂ ಪೂರ್ಣ ಅಂಕ ಸಲ್ಲಬೇಕು.

ನ್ಯಾಯದರ್ಶನವನ್ನು ಪಾಠ ಮಾಡಿದ್ದರೆ ಇಲ್ಲಿ ಉಪಾಧಿಯ ಚರ್ಚೆಯನ್ನು ತರಬಹುದು. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂಬ ಅನುಮಾನದಲ್ಲಿ ಹಸಿ ಸೌದೆ ಉಪಾಧಿ. ಹೊಗೆಯಿರುವಲ್ಲೆಲ್ಲ ಹಸಿ ಸೌದೆಯುಂಟು, ಬೆಂಕಿಯಿರುವಲ್ಲೆಲ್ಲ ಅದಿಲ್ಲ. ಈ ಪರಿಚ್ಛೇದದಲ್ಲಿ ಅರೇಬಿಕಾ ತಳಿಗೆ ಅದೇ ಸ್ಥಾನ. ಕೊರಕವಿರುವಲ್ಲಿ ಅರೇಬಿಕಾ ಇದೆ, ಮರಗಸಿ ನಡೆದಲ್ಲೆಲ್ಲ ಅರೇಬಿಕಾ ಇರಬೇಕಾಗಿಲ್ಲ, ಏಕೆಂದರೆ ರೋಬಸ್ಟಾ ತೋಟದಲ್ಲೂ ಮರಗಸಿ ಮಾಡಿಸುತ್ತಾರೆ. ಈ ಹೊಂದಿಕೆಯನ್ನು ತಾನಾಗಿ ಕಂಡು ಬರೆದ ವಿದ್ಯಾರ್ಥಿಗೆ ಪಾಶ್ಚಾತ್ಯ ಪರಿಭಾಷೆಯಲ್ಲಿ ಬರೆದವನಿಗಿಂತ ಒಂದು ಅಂಕವೂ ಕಡಿಮೆಯಾಗಬಾರದು.

ಐದನೆಯ ಹೆಜ್ಜೆ: ದುರ್ಬಲ ಕೊಂಡಿಗೆ ಅಂಕ

ಮೌಲ್ಯಮಾಪಕರ ನಡುವೆ ಹೆಚ್ಚು ಭಿನ್ನಾಭಿಪ್ರಾಯ ಬರುವುದು ನಾಲ್ಕನೆಯ ಉಪಪ್ರಶ್ನೆಯಲ್ಲೇ ಆದ್ದರಿಂದ, "ಉತ್ತಮ", "ಸಾಧಾರಣ" ಎಂಬ ವಿಶೇಷಣಗಳಿಗೆ ಬದಲು ಉತ್ತರಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಕೆಳಗಿನವು ಆ ಉದ್ದೇಶಕ್ಕಾಗಿ ಬರೆದ ಮಾದರಿಗಳು.

ಉತ್ತರ ಅ: "ಈ ವಾದದಲ್ಲಿ ದುರ್ಬಲ ಕೊಂಡಿ ಇಲ್ಲ. ನೆರಳು ಕಡಿಮೆಯಾದರೆ ಬಿಸಿಲು ಕಾಂಡಕ್ಕೆ ಬೀಳುತ್ತದೆ, ದುಂಬಿಗೆ ಬೇಕಾದದ್ದೂ ಅದೇ. ನಮ್ಮ ತೋಟದಲ್ಲೂ ಹೀಗೇ ಆಗಿದೆ." ಇದರಲ್ಲಿ ಹೇಳಿರುವ ಸಂಗತಿಗಳೆಲ್ಲ ನಿಜವಿರಬಹುದು. ಆದರೂ ಇದಕ್ಕೆ 1 ಅಂಕ. ಬೆಳೆಗಾರರ ಮೂರು ಆಧಾರಗಳನ್ನು ಇದು ಮುಟ್ಟಿಯೇ ಇಲ್ಲ, ತೀರ್ಮಾನಕ್ಕೆ ಹೊರಗಿನಿಂದ ಬೇರೆ ಊರುಗೋಲು ತಂದು ಕೊಟ್ಟಿದೆ. ಅದೇ ವಿದ್ಯಾರ್ಥಿ "ಈ ಪರಿಚ್ಛೇದದ ಆಧಾರಗಳು ಸಾಲವು, ಆದರೆ ದುಂಬಿ ಬಿಸಿಲನ್ನು ಬಯಸುತ್ತದೆ ಎಂಬುದು ಬೇರೆಡೆಯಿಂದ ತಿಳಿದಿರುವುದರಿಂದ ತೀರ್ಮಾನ ನಿಜವಿರುವ ಸಂಭವ ಹೆಚ್ಚು" ಎಂದು ಎರಡನ್ನೂ ಬೇರೆ ಮಾಡಿ, ಯಾವ ಆಧಾರ ಏಕೆ ಸಾಲದು ಎಂದೂ ತೋರಿಸಿದ್ದರೆ 4 ಅಂಕಕ್ಕೂ ಮೇಲೆ ಹೋಗಬಹುದಿತ್ತು.

ಉತ್ತರ ಆ: "ಇದು ಕಾಕತಾಳೀಯ ದೋಷ. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ಅಲ್ಲದೆ ಎರಡೇ ತೋಟ ನೋಡಿದ್ದಾರೆ, ಆದ್ದರಿಂದ ಅವಸರದ ಸಾಮಾನ್ಯೀಕರಣ." ಓದಲು ಪಕ್ವವಾಗಿ ಕಾಣುವ ಈ ಉತ್ತರಕ್ಕೆ ಅನೇಕರು 4 ಕೊಡುತ್ತಾರೆ. ನಾನು 2ಕ್ಕಿಂತ ಹೆಚ್ಚು ಕೊಡುವುದಿಲ್ಲ. ಪರಿಚ್ಛೇದದಲ್ಲಿ ಇರುವುದು ಬರೀ ಮೊದಲು, ನಂತರ ಎಂಬುದಲ್ಲ, ಹೋಲಿಕೆಗೆ ಮೂರನೆಯ ತೋಟವೂ ಇದೆ. ಅದನ್ನು ಗಮನಿಸದೆ ಹಚ್ಚಿದ ಹೆಸರು ಈ ವಾದಕ್ಕೆ ಸರಿಯಾಗಿ ಕೂರುವುದಿಲ್ಲ. ಇಂಥ ಉತ್ತರಗಳನ್ನು ಹಿಡಿಯಲು ಒಂದು ಸರಳ ಉಪಾಯವಿದೆ: ಉತ್ತರದಿಂದ ವಿಷಯದ ಹೆಸರುಗಳನ್ನು ತೆಗೆದು, ಬೇರೆ ಯಾವುದೋ ಕಾರಣ ಕಾರ್ಯದ ಪರಿಚ್ಛೇದದ ಕೆಳಗೆ ಇಟ್ಟು ನೋಡಿ. ಅಲ್ಲಿಯೂ ಒಂದಕ್ಷರ ಬದಲಿಸದೆ ಹೊಂದಿದರೆ, ವಿದ್ಯಾರ್ಥಿ ಈ ಪರಿಚ್ಛೇದವನ್ನು ಓದಿ ಬರೆದ ಉತ್ತರ ಅದಲ್ಲ.

ಉತ್ತರ ಇ: "ಪಕ್ಕದ ತೋಟ ಅರೇಬಿಕಾದ್ದು ಎಂದು ಹೇಳಿಲ್ಲ. ಅದು ರೋಬಸ್ಟಾ ಆಗಿದ್ದರೆ ನೆರಳಿದ್ದರೂ ಇಲ್ಲದಿದ್ದರೂ ಅಲ್ಲಿ ಕೊರಕ ಬರುತ್ತಿರಲಿಲ್ಲ. ಆಗ ಹೋಲಿಕೆಗೆ ಅರ್ಥವಿಲ್ಲ. ಆದ್ದರಿಂದ ನೆರಳು ತೆಗೆದದ್ದು ಕಾರಣವಲ್ಲ." ಮೊದಲ ಮೂರು ವಾಕ್ಯಗಳು ಅತ್ಯುತ್ತಮ. ಬಿರುಕನ್ನು ಬೆರಳಿಟ್ಟು ತೋರಿಸಿವೆ, ಟಿಪ್ಪಣಿಯ ಸಂಗತಿಯನ್ನು ವಾದಕ್ಕೆ ಜೋಡಿಸಿವೆ, ಹೇಗೆ ಎಂದು ವಿವರಿಸಿವೆ. ಕೊನೆಯ ವಾಕ್ಯ ಮಾತ್ರ ಬೆಳೆಗಾರರು ಮಾಡಿದ ಬಗೆಯ ತಪ್ಪನ್ನೇ ಮಾಡುತ್ತದೆ. ಆಧಾರ ಬಿದ್ದುಹೋದರೆ ತೀರ್ಮಾನಕ್ಕೆ ಸಮರ್ಥನೆ ಇಲ್ಲವಾಯಿತು ಎಂದಷ್ಟೇ ಹೇಳಬಹುದು, ತೀರ್ಮಾನ ಸುಳ್ಳೆಂದು ಹೇಳುವಂತಿಲ್ಲ. ಇಲ್ಲಂತೂ ತೀರ್ಮಾನ ಬಹುಮಟ್ಟಿಗೆ ನಿಜವೇ. 4 ಅಂಕ.

ಉತ್ತರ ಈ: "ಪಕ್ಕದ ತೋಟದ ಹೋಲಿಕೆ ಈ ವಾದದ ಮುಖ್ಯ ಬಲ, ಏಕೆಂದರೆ ಮಳೆ, ಮಣ್ಣು ಒಂದೇ ಇರುತ್ತದೆ. ಆದರೆ ಅದು ಯಾವ ಕಾಫಿಯ ತೋಟವೆಂದು ತಿಳಿಯುವವರೆಗೆ ಆ ಬಲವನ್ನು ನಂಬುವಂತಿಲ್ಲ. ರೋಬಸ್ಟಾ ಆಗಿದ್ದರೆ ಅಲ್ಲಿ ಹೇಗೂ ಕೊರಕ ಇರುತ್ತಿರಲಿಲ್ಲ. ಅದನ್ನು ಬಿಟ್ಟರೆ ಉಳಿಯುವುದು ಎರಡು ತೋಟಗಳಲ್ಲಿ ಮೊದಲಿಗಿಂತ ಹೆಚ್ಚು ಸಿಕ್ಕಿತು ಎಂಬುದು ಮಾತ್ರ. ನೆರಳು ಕಾರಣವಾಗಿರಬಹುದು, ಆದರೆ ಇಷ್ಟರಿಂದ ಹಾಗೆಂದು ಖಚಿತವಾಗುವುದಿಲ್ಲ. ಮರಗಸಿ ಮಾಡಿಸಲೇಬಾರದು ಎಂಬ ನಿರ್ಧಾರವಂತೂ ಇನ್ನೂ ದೂರ." 6 ಅಂಕ. ಬಲವನ್ನು ಒಪ್ಪಿ, ಆ ಬಲ ಯಾವುದರ ಮೇಲೆ ನಿಂತಿದೆ ಎಂದು ತೋರಿಸಿ, ಅದು ಹೋದ ಮೇಲೆ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ತೀರ್ಮಾನ ಎಷ್ಟು ಸಡಿಲವಾಯಿತೋ ಅಷ್ಟನ್ನೇ ಹೇಳಿದೆ. ಒಂದು ದೋಷದ ಹೆಸರನ್ನೂ ಎತ್ತಿಲ್ಲ ಎಂಬುದನ್ನು ಗಮನಿಸಬೇಕು.

ಈ ನಾಲ್ಕರ ನಡುವೆ ಬೀಳುವ ಉತ್ತರಗಳಿಗೆ 3 ಮತ್ತು 5 ಉಳಿದಿವೆ. ಆರು ಬಗೆಯ ಆಕ್ಷೇಪಗಳನ್ನು ಒಂದೊಂದು ಸಾಲಿನಲ್ಲಿ ಪೇರಿಸಿದ ಉತ್ತರ, ಅದರಲ್ಲಿ ತಳಿಯ ಪ್ರಶ್ನೆ ಸೇರಿದ್ದರೂ, 3 ದಾಟಬಾರದು. ಯಾವುದು ಹೆಚ್ಚು ಭಾರದ್ದು ಎಂದು ಆತ ಆರಿಸಿಲ್ಲ, ಕೇಳಿದ್ದು ಆ ಆಯ್ಕೆಯನ್ನೇ. ಎರಡನೆಯ ಜಿಗಿತವನ್ನು, ಅಂದರೆ ತೀರಾ ತೆಳುವಿನಿಂದ ಸಂಪೂರ್ಣ ನಿಷೇಧಕ್ಕೆ ಹಾರಿದ್ದನ್ನು, ಅತ್ಯಂತ ದುರ್ಬಲ ಕೊಂಡಿಯೆಂದು ಆರಿಸಿ ಚೆನ್ನಾಗಿ ವಿವರಿಸಿದರೆ ಅದಕ್ಕೂ 6 ಕೊಡಬಹುದು. ಯಾವ ಕೊಂಡಿ ಅತಿ ದುರ್ಬಲ ಎಂಬುದರಲ್ಲಿ ಬಲ್ಲವರಿಗೂ ಭಿನ್ನಮತ ಇರಬಹುದು. ಆಯ್ಕೆಗೆ ಕೊಟ್ಟ ಕಾರಣ ಪರಿಚ್ಛೇದಕ್ಕೆ ಅಂಟಿಕೊಂಡಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಐದನೆಯ ಉಪಪ್ರಶ್ನೆಗೆ "ಇನ್ನೂ ಹೆಚ್ಚು ತೋಟಗಳನ್ನು ನೋಡಬೇಕು" ಎಂದು ಬರೆದರೆ 1 ಅಂಕ. "ಹೋದ ವರ್ಷ ಮತ್ತು ಈ ವರ್ಷ ಎಷ್ಟು ಆಳು ಎಷ್ಟು ದಿನ ಕೊರಕದ ಗಿಡ ಹುಡುಕಿದರು ಎಂಬ ಲೆಕ್ಕ ಬೇಕು, ಎರಡೂ ವರ್ಷ ಸಮನಾಗಿದ್ದರೆ ಏರಿಕೆ ನಿಜವೆಂದು ಒಪ್ಪುತ್ತೇನೆ, ಈ ವರ್ಷ ಇಮ್ಮಡಿ ಹುಡುಕಿದ್ದರೆ ಎರಡನೆಯ ಆಧಾರವನ್ನೇ ಬಿಡುತ್ತೇನೆ" ಎಂದು ಬರೆದರೆ 3. ಎರಡೂ ದಿಕ್ಕಿನ ಪರಿಣಾಮ ಹೇಳದಿದ್ದರೆ 2. ನಾಲ್ಕನೆಯ ಉತ್ತರದಲ್ಲಿ ತಳಿಯ ಬಗ್ಗೆ ಬರೆದವರು ಇಲ್ಲಿಯೂ ತಳಿಯನ್ನೇ ಕೇಳುವುದು ಸಹಜ, ಅದಕ್ಕೆ ಅಂಕ ಕಡಿಯಬೇಕಾಗಿಲ್ಲ.

ಆರನೆಯ ಹೆಜ್ಜೆ: ಕಟ್ಟನ್ನು ತಿದ್ದುವ ಕ್ರಮ

ಒಂದು ಉತ್ತರಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ತಿದ್ದಿ ಇನ್ನೊಂದಕ್ಕೆ ಹೋಗುವ ರೂಢಿ ಈ ಪ್ರಶ್ನೆಗೆ ಸಲ್ಲದು. ಮೊದಲೆರಡು ಉಪಪ್ರಶ್ನೆ ಚೆನ್ನಾಗಿ ಬರೆದವರ ನಾಲ್ಕನೆಯ ಉತ್ತರವೂ ಚೆನ್ನಾಗಿರಬೇಕೆಂಬ ಭಾವನೆ ಕೈ ಹಿಡಿದು ಅಂಕ ಹಾಕಿಸುತ್ತದೆ. ಇಡೀ ಕಟ್ಟಿನ ನಾಲ್ಕನೆಯ ಉಪಪ್ರಶ್ನೆಯನ್ನು ಒಟ್ಟಿಗೆ ತಿದ್ದಿ, ಆಮೇಲೆ ಉಳಿದವುಗಳಿಗೆ ಹೋಗಬೇಕು. ನೋಂದಣಿ ಸಂಖ್ಯೆಯ ಪುಟ ಮಡಚಿಟ್ಟಿರಬೇಕು.

ಕಟ್ಟಿನ ನಡುವಿನಿಂದ ಹತ್ತು ಉತ್ತರಗಳನ್ನು ತೆಗೆದು ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ, ಉತ್ತರದ ಮೇಲೆ ಗುರುತು ಮಾಡದೆ, ಬೇರೆ ಹಾಳೆಯಲ್ಲಿ ಅಂಕ ಬರೆದುಕೊಳ್ಳಲಿ. ಒಂದು ಅಂಕದ ವ್ಯತ್ಯಾಸ ಬಂದರೆ ಬಿಟ್ಟುಬಿಡಬಹುದು. ಎರಡು ಅಥವಾ ಹೆಚ್ಚು ಬಂದ ಉತ್ತರವನ್ನು ಇಬ್ಬರೂ ಕೂತು ಓದಬೇಕು. ಆಗ "ಮೂರಕ್ಕೆ ಬರೋಣವೇ" ಎಂದು ನಡುವಣ ಅಂಕಕ್ಕೆ ರಾಜಿಯಾಗುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ. ಹನ್ನೊಂದನೆಯ ಉತ್ತರದಲ್ಲಿ ಅದೇ ಜಗಳ ಮತ್ತೆ ಬರುತ್ತದೆ. ಯಾವ ಮಾದರಿಯ ಪಕ್ಕಕ್ಕೆ ಇದು ಬೀಳುತ್ತದೆ ಎಂದು ತೀರ್ಮಾನಿಸಿ, ಆ ಕಾರಣವನ್ನು ಅಂಕಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಬೇಕು. ಇಂಥ ಸಾಲುಗಳು ಮೊದಲ ವರ್ಷ ಬೇಕಾದಷ್ಟು ಸೇರುತ್ತವೆ, ಎರಡನೆಯ ವರ್ಷ ಕಡಿಮೆಯಾಗುತ್ತವೆ.

ವ್ಯತ್ಯಾಸಗಳಿಗೆ ಒಂದು ದಿಕ್ಕಿದೆಯೇ ಎಂದೂ ನೋಡಿ. ಇಬ್ಬರಲ್ಲಿ ಒಬ್ಬರು ತೋಟವಿರುವ ಮನೆಯವರಾಗಿದ್ದು, ಉತ್ತರ ಅ ಬಗೆಯವುಗಳಿಗೆಲ್ಲ ಅವರ ಅಂಕವೇ ಹೆಚ್ಚಿದ್ದರೆ, ಅಲ್ಲಿ ತೂಕಕ್ಕೆ ಬಿದ್ದಿರುವುದು ತರ್ಕವಲ್ಲ, ಕೊರಕದ ಬಗೆಗಿನ ಅನುಭವ.

ಏಳನೆಯ ಹೆಜ್ಜೆ: ಜೋಡಿ ಪರಿಚ್ಛೇದ

ಉತ್ತರಗಳನ್ನು ಹಿಂದಿರುಗಿಸಿ ಚರ್ಚಿಸಿದ ಮೇಲೆ, ಕಲಿತದ್ದು ಈ ಪರಿಚ್ಛೇದಕ್ಕಷ್ಟೇ ಸೀಮಿತವೋ ಎಂದು ತಿಳಿಯಲು ಮುಂದಿನ ಕಿರುಪರೀಕ್ಷೆಯಲ್ಲಿ ಅದೇ ಅಸ್ಥಿಪಂಜರಕ್ಕೆ ಎದುರು ತೀರ್ಮಾನ ತೊಡಿಸಿ ಕೊಡಬೇಕು: "ಎರಡು ತೋಟಗಳಲ್ಲಿ ಮರಗಸಿ ಚೆನ್ನಾಗಿ ಮಾಡಿಸಿದರು, ಈ ಮಳೆಗಾಲ ಅಲ್ಲಿ ಕೊಳೆರೋಗ ಅಷ್ಟಾಗಿ ಕಾಣಲಿಲ್ಲ. ಹಳ್ಳದ ಪಕ್ಕದ ಇನ್ನೊಂದು ತೋಟದವರು ಮಾಡಿಸಲಿಲ್ಲ, ಅವರಿಗೆ ಕೊಳೆರೋಗ ಬಂತು. ಹಾಗಾಗಿ ನೆರಳೇ ಕೊಳೆರೋಗಕ್ಕೆ ಕಾರಣ. ನೆರಳಿನ ಮರಗಳನ್ನೆಲ್ಲ ತೆಗೆಸಿಬಿಡುವುದು ಒಳ್ಳೆಯದು."

ಇಲ್ಲಿ ತಳಿಯ ಜಾಗದಲ್ಲಿ ಹಳ್ಳವಿದೆ. ತಗ್ಗಿನ, ತೇವ ನಿಲ್ಲುವ ಜಾಗ ಕೊಳೆರೋಗಕ್ಕೆ ತಾನೇ ಅನುಕೂಲ. "ಸಿಕ್ಕಿವೆ" ಎಂಬುದರ ಜಾಗದಲ್ಲಿ "ಅಷ್ಟಾಗಿ ಕಾಣಲಿಲ್ಲ" ಇದೆ, ಹದದಿಂದ ಅತಿಗೆ ಹಾರುವ ಜಿಗಿತವೂ ಇದೆ. ಮೊದಲ ಪರೀಕ್ಷೆಯ ಚರ್ಚೆಯಿಂದ "ತಳಿ ಕೇಳಬೇಕು" ಎಂದಷ್ಟೇ ಹೊತ್ತುಕೊಂಡು ಹೋದವರು ಇಲ್ಲಿಯೂ ಅರೇಬಿಕಾ, ರೋಬಸ್ಟಾ ಎಂದೇ ಬರೆಯುತ್ತಾರೆ. ನಾಲ್ಕನೆಯದರಲ್ಲಿ ಅವರಿಗೆ 2 ಅಂಕ ಸಾಕು. ಹೋಲಿಸಿದ ತೋಟ ಇನ್ನಾವುದರಲ್ಲಿ ಬೇರೆಯಾಗಿದೆ ಎಂದು ಕೇಳಲು ಕಲಿತವರು ಹಳ್ಳವನ್ನು ಹಿಡಿಯುತ್ತಾರೆ. ಎರಡು ಪರೀಕ್ಷೆಗಳ ನಾಲ್ಕನೆಯ ಉಪಪ್ರಶ್ನೆಯ ಅಂಕಗಳನ್ನು ಹೆಸರಿನ ಮುಂದೆ ಅಕ್ಕಪಕ್ಕ ಬರೆದಿಟ್ಟು, ಮೊದಲನೆಯದರಲ್ಲಿ 4 ದಾಟಿ ಎರಡನೆಯದರಲ್ಲಿ 2ಕ್ಕೆ ಇಳಿದವರನ್ನು ಬೇರೆಯಾಗಿ ಕೂರಿಸಿ, ಮೂರನೆಯ ಉಪಪ್ರಶ್ನೆಯಿಂದಲೇ ಮತ್ತೆ ಅಭ್ಯಾಸ ಮಾಡಿಸಬೇಕು.